ಮೆಟ್ಟಿಲು ಗೊತ್ತು, ಕವಲು ಗೊತ್ತಿಲ್ಲ

ಪ್ರಶ್ನೆ ಹೀಗಿದೆ ಎಂದುಕೊಳ್ಳಿ. 27 ವರ್ಷದ ಹೆಣ್ಣುಮಗಳು, ಚೊಚ್ಚಲ ಹೆರಿಗೆ. ಕೊನೆಯ ತಿಂಗಳಲ್ಲಿ ಬಿಪಿ 150/100ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡು ಲ್ಯಾಬೆಟಲಾಲ್ ಮಾತ್ರೆ ನಡೆಯುತ್ತಿತ್ತು. ನೋವು ಬರಿಸಲು ಆಕ್ಸಿಟೋಸಿನ್ ಡ್ರಿಪ್ ಹಾಕಿ 14 ಗಂಟೆಗಳಾದ ಮೇಲೆ ಸಹಜ ಹೆರಿಗೆಯಾಯಿತು. ಮಾಸು ಪೂರ್ತಿಯಾಗಿ ಬಂದಿದೆ. ಅರ್ಧ ಗಂಟೆಯೊಳಗೆ ಅಳತೆ ಚೀಲದಲ್ಲಿ 800 ಮಿಲಿಲೀಟರ್ ರಕ್ತ. ನಾಡಿ 118, ಬಿಪಿ 104/70. ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ಹೊಕ್ಕುಳಿಗಿಂತ ಮೇಲಿದೆ, ಮೆತ್ತಗಿದೆ. ಮೂತ್ರಕೋಶ ಖಾಲಿ ಮಾಡಿ, ಗರ್ಭಕೋಶವನ್ನು ತಿಕ್ಕಿ, ಹೊಸದಾಗಿ ಆಕ್ಸಿಟೋಸಿನ್ ಡ್ರಿಪ್ ಏರಿಸಿ, ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಕೊಟ್ಟಾಗಿದೆ. ಯೋನಿಯಲ್ಲಾಗಲಿ ಗರ್ಭಕೊರಳಲ್ಲಾಗಲಿ ಹರಿದ ಗಾಯವಿಲ್ಲ. ಗರ್ಭಕೋಶ ಇನ್ನೂ ಮೆತ್ತಗೇ ಇದೆ. ಮುಂದಿನ ಹೆಜ್ಜೆ ಯಾವುದು? ಆಯ್ಕೆಗಳು ನಾಲ್ಕು: ಮೀಥೈಲ್ ಎರ್ಗೊಮೆಟ್ರಿನ್ ಇಂಜೆಕ್ಷನ್, ಕಾರ್ಬೊಪ್ರೋಸ್ಟ್ ಇಂಜೆಕ್ಷನ್, ಗರ್ಭಕೋಶದೊಳಗೆ ಬಲೂನ್, ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ.

ನೀಟ್ ಪಿಜಿಯಂಥ ಪರೀಕ್ಷೆಗೆ ಓದುವವರು ಈ ಬಗೆಯ ಪ್ರಶ್ನೆಗಳನ್ನು ನೂರಾರು ಬಿಡಿಸಿರುತ್ತಾರೆ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಕಡಿತ. ಇದರಲ್ಲಿ ತಪ್ಪುವ ಹುಡುಗರು ಔಷಧ ಗೊತ್ತಿಲ್ಲದೆ ತಪ್ಪುವುದು ಕಡಿಮೆ. ನಾಲ್ಕು ಆಯ್ಕೆಗಳೂ ಹೆರಿಗೆಯ ನಂತರದ ರಕ್ತಸ್ರಾವಕ್ಕೆ ನಿಜವಾದ ಚಿಕಿತ್ಸೆಗಳೇ. ಒಂದೊಂದಕ್ಕೂ ಒಂದು ಹೊತ್ತಿದೆ, ಒಬ್ಬ ರೋಗಿ ಇದ್ದಾಳೆ. ಕೇಳುತ್ತಿರುವುದು ಈ ಹೊತ್ತಿಗೆ, ಈ ಬಾಣಂತಿಗೆ ಯಾವುದು ಎಂದು. ಆದರೆ ಕೋಚಿಂಗ್ ಟಿಪ್ಪಣಿಗಳು ಕಲಿಸುವುದು ಒಂದು ಏಣಿಯನ್ನು: ತಿಕ್ಕು, ಆಕ್ಸಿಟೋಸಿನ್, ಎರ್ಗೊಮೆಟ್ರಿನ್, ಕಾರ್ಬೊಪ್ರೋಸ್ಟ್, ಬಲೂನ್, ಹೊಲಿಗೆ, ರಕ್ತನಾಳ ಕಟ್ಟು, ಗರ್ಭಕೋಶ ತೆಗೆ. ಈ ಏಣಿ ಸುಳ್ಳಲ್ಲ. ಅದು ಒಂದೇ ಒಂದು ಕಾರಣಕ್ಕೆ ಸೇರಿದ ಏಣಿ ಎಂಬುದನ್ನು ಮಾತ್ರ ಟಿಪ್ಪಣಿ ಹೇಳುವುದಿಲ್ಲ. ನನ್ನ ವಾದ ಇಷ್ಟು: ಒಳ್ಳೆಯ ಪ್ರಶ್ನೆ ಪರೀಕ್ಷಿಸಬೇಕಾದದ್ದು ಮೆಟ್ಟಿಲನ್ನಲ್ಲ, ಕವಲನ್ನು. ಬರೀ ಮೆಟ್ಟಿಲನ್ನು ಕೇಳುವ ಎಷ್ಟೋ ಪ್ರಶ್ನೆಗಳಿಗೆ ಒಂದೇ ಸರಿ ಉತ್ತರ ಎಂಬುದೇ ಇರುವುದಿಲ್ಲ.

ಏಣಿ ಹುಟ್ಟಿದ್ದು ಎಲ್ಲಿಂದ ಎಂದು ನೋಡಿದರೆ ಅದರ ಮಿತಿಯೂ ಕಾಣುತ್ತದೆ. ತುಂಬು ಬಸಿರಿನಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿಲಿಲೀಟರ್‌ನಷ್ಟು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದೊಡನೆ ಅದು ಅಂಟಿದ್ದ ಜಾಗದ ರಕ್ತನಾಳಗಳೆಲ್ಲ ಬಾಯಿ ತೆರೆದು ನಿಲ್ಲುತ್ತವೆ. ಅವುಗಳ ಬಾಯಿ ಮುಚ್ಚುವುದು ಮೊದಲಿಗೆ ಹೆಪ್ಪಲ್ಲ, ಸ್ನಾಯು. ಗರ್ಭಕೋಶದ ಸ್ನಾಯುವಿನ ಎಳೆಗಳು ಅಡ್ಡಡ್ಡ ಹೆಣೆದುಕೊಂಡಿವೆ. ಆ ಹೆಣಿಗೆಯ ನಡುವೆ ರಕ್ತನಾಳಗಳು ಹಾದುಹೋಗುತ್ತವೆ. ಸ್ನಾಯು ಬಿಗಿದರೆ ನಾಳಗಳನ್ನು ದಾರ ಹಾಕಿ ಕಟ್ಟಿದ ಹಾಗೆಯೇ. ಬಿಗಿಯದಿದ್ದರೆ ರಕ್ತ ನಿಲ್ಲುವುದಿಲ್ಲ. ಪಠ್ಯಪುಸ್ತಕಗಳು ಕಾರಣಗಳನ್ನು ನಾಲ್ಕಾಗಿ ವಿಂಗಡಿಸಿ, ಸ್ನಾಯು ಬಿಗಿಯದಿರುವುದಕ್ಕೆ ನೂರಕ್ಕೆ ಸುಮಾರು 70, ಹರಿದ ಗಾಯಗಳಿಗೆ 20, ಒಳಗೆ ಉಳಿದ ಮಾಸಿಗೆ 10, ರಕ್ತ ಹೆಪ್ಪುಗಟ್ಟದಿರುವುದಕ್ಕೆ 1 ಎಂಬ ಅಂದಾಜು ಕೊಡುತ್ತವೆ. ಹೊಟ್ಟೆಯ ಮೇಲೆ ಕೈಯಿಡುವುದು ಎಲ್ಲಕ್ಕಿಂತ ಮೊದಲು ಬಂದಿರುವುದಕ್ಕೆ ಈ 70 ಒಂದು ಕಾರಣ. ಆ ಕೈ ಚಿಕಿತ್ಸೆಯನ್ನೂ ಮಾಡುತ್ತದೆ, ರೋಗವನ್ನೂ ಗುರುತಿಸುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಕೈಯಡಿ ಗರ್ಭಕೋಶ ಮೆತ್ತಗಿದ್ದರೆ ಒಂದು ದಾರಿ, ಕಲ್ಲಿನಂತೆ ಗಟ್ಟಿಯಾಗಿದ್ದರೆ ಇನ್ನೊಂದು ದಾರಿ. ಕವಲು ಒಡೆಯುವುದು ಅಲ್ಲೇ.

ಈಗ ಮೇಲಿನ ಪ್ರಶ್ನೆಗೆ ಬರೋಣ. ಮೊದಲು ನೋಡಬೇಕಾದದ್ದು ಬಾಣಂತಿಯ ಸ್ಥಿತಿ. ಬಿಪಿ 104/70 ಎಂಬುದನ್ನು ನೋಡಿ ಪರವಾಗಿಲ್ಲ ಎಂದುಕೊಳ್ಳುವವರಿದ್ದಾರೆ. ಬಸಿರಿನಲ್ಲಿ ಮೈರಕ್ತ ನೂರಕ್ಕೆ 40ರಿಂದ 50ರಷ್ಟು ಹೆಚ್ಚಿರುವುದರಿಂದ ಬಿಪಿ ಬೀಳುವುದು ತಡವಾಗಿ, ನಾಡಿ ಓಡುವುದು ಬೇಗ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿದರೆ ಶಾಕ್ ಇಂಡೆಕ್ಸ್ ಸಿಗುತ್ತದೆ. 118ನ್ನು 104ರಿಂದ ಭಾಗಿಸಿದರೆ 1.13. ಬಾಣಂತಿಯರಲ್ಲಿ 0.9 ದಾಟಿದರೇ ಎಚ್ಚರಿಕೆಯ ಗಂಟೆ. ಅದೂ ಅಲ್ಲದೆ ಇವಳ ಬಿಪಿ ಮೊದಲು 150 ಇತ್ತು. ಅವಳ ಮಟ್ಟಿಗೆ 104 ಎಂದರೆ ಆಗಲೇ ಬಹಳ ಇಳಿದಿದೆ ಎಂದರ್ಥ.

ಎರಡನೆಯದು, ಏನೇನು ಆಗಿದೆ ಎಂಬ ಲೆಕ್ಕ. ತಿಕ್ಕಿಯಾಗಿದೆ, ಮೂತ್ರಕೋಶ ಖಾಲಿಯಾಗಿದೆ, ಆಕ್ಸಿಟೋಸಿನ್ ನಡೆಯುತ್ತಿದೆ. ಆಕ್ಸಿಟೋಸಿನ್ ಇನ್ನಷ್ಟು ಏರಿಸಿದರೆ ಆಗದೇ ಎಂದು ಕೇಳಬಹುದು. 14 ಗಂಟೆ ಅದೇ ಔಷಧಿಯನ್ನು ಕುಡಿದ ಸ್ನಾಯುವಿನಲ್ಲಿ ಅದನ್ನು ಹಿಡಿಯುವ ಗ್ರಾಹಕಗಳು ಮಂಕಾಗಿರುತ್ತವೆ. ಡ್ರಿಪ್ ಹಾಕಿ ನೋವು ಬರಿಸಿದ ಉದ್ದನೆಯ ಹೆರಿಗೆಯ ನಂತರ ಗರ್ಭಕೋಶ ಸಡಿಲವಾಗುವುದು ಹೆಚ್ಚು ಎಂಬುದರ ಹಿಂದೆ ಇರುವುದೂ ಇದೇ. ಹಾಗಾಗಿ ಬೇರೆ ಗ್ರಾಹಕದ ಮೂಲಕ ಕೆಲಸ ಮಾಡುವ ಔಷಧಿ ಬೇಕು. ಪ್ರಶ್ನೆ ಬರೆದವರು 14 ಗಂಟೆ ಎಂದು ಸುಮ್ಮನೆ ಬರೆದಿಲ್ಲ.

ಮೂರನೆಯದೇ ಕೊಕ್ಕೆ. ಎರ್ಗೊಮೆಟ್ರಿನ್ ಗರ್ಭಕೋಶವನ್ನು ಬಿಗಿಯುವ ಹಾಗೆಯೇ ಮೈಯ ರಕ್ತನಾಳಗಳನ್ನೂ ಬಿಗಿಯುತ್ತದೆ. ಬಿಪಿ ಇರುವವರಲ್ಲಿ ಅದು ಗಕ್ಕನೆ ಏರಿ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಏಣಿಯನ್ನು ಬಾಯಿಪಾಠ ಮಾಡಿದವರು ಆಕ್ಸಿಟೋಸಿನ್ ಆಯಿತು, ಇನ್ನು ಎರ್ಗೊಮೆಟ್ರಿನ್ ಎನ್ನುತ್ತಾರೆ. ಇನ್ನೂ ಸ್ವಲ್ಪ ಜಾಣರು ಬಿಪಿಯ ವಿಷಯ ನೆನಪಿಟ್ಟುಕೊಂಡೂ ಎಡವುತ್ತಾರೆ. ಈಗ ಬಿಪಿ 104 ತಾನೇ, ಎರ್ಗೊಮೆಟ್ರಿನ್ ಕೊಟ್ಟರೆ ಒಳ್ಳೆಯದೇ ಆಗುತ್ತದಲ್ಲ ಎಂದು. ಈಗ ಬಿಪಿ ಇಳಿದಿರುವುದು ರಕ್ತ ಹೋಗಿ, ಅವಳ ಕಾಯಿಲೆ ವಾಸಿಯಾಗಿ ಅಲ್ಲ. ದ್ರವ, ರಕ್ತ ಏರಿಸುತ್ತಿದ್ದಂತೆ ಹಳೆಯ ಬಿಪಿ ತಿರುಗಿ ಬರುತ್ತದೆ, ಜತೆಗೆ ಔಷಧಿಯ ಬಿಗಿತವೂ ಸೇರಿಕೊಳ್ಳುತ್ತದೆ. ಆದ್ದರಿಂದ ಉತ್ತರ ಕಾರ್ಬೊಪ್ರೋಸ್ಟ್, 250 ಮೈಕ್ರೋಗ್ರಾಂ, ಸ್ನಾಯುವಿಗೆ. ರಕ್ತನಾಳಕ್ಕೆ ಯಾವ ಕಾರಣಕ್ಕೂ ಅಲ್ಲ. ಬೇಕಾದರೆ 15 ನಿಮಿಷಕ್ಕೆ ಕಡಿಮೆಯಿಲ್ಲದ ಅಂತರದಲ್ಲಿ ಮತ್ತೆ ಕೊಡಬಹುದು, ಒಟ್ಟು ಎಂಟು ಸಲಕ್ಕೆ ಮೀರಬಾರದು. ಎಂಟು ಎಂಬುದು ಪುಸ್ತಕದ ಮಿತಿ. ಎರಡು ಮೂರು ಡೋಸಿಗೆ ಬಗ್ಗದ ಗರ್ಭಕೋಶದ ಮುಂದೆ ಎಂಟರ ತನಕ ಎಣಿಸುತ್ತಾ ನಿಲ್ಲುವುದು ಸಲ್ಲ.

ಈಗ ಅದೇ ಕಥೆಯಲ್ಲಿ ಒಂದೇ ಸಾಲನ್ನು ಬದಲಿಸಿ. ಬಿಪಿಯ ಸಾಲು ತೆಗೆದು, ಅವಳಿಗೆ ಆಸ್ತಮಾ ಇದೆ, ದಿನಾ ಇನ್ಹೇಲರ್ ತೆಗೆದುಕೊಳ್ಳುತ್ತಾಳೆ ಎಂದು ಬರೆಯಿರಿ. ಉತ್ತರ ತಲೆಕೆಳಗಾಗುತ್ತದೆ. ಕಾರ್ಬೊಪ್ರೋಸ್ಟ್ ಶ್ವಾಸನಾಳಗಳನ್ನು ಬಿಗಿಯುವ ಪ್ರೋಸ್ಟಗ್ಲಾಂಡಿನ್, ಹಾಗಾಗಿ ಈಗ ಎರ್ಗೊಮೆಟ್ರಿನ್ ಸರಿ. ಬಿಪಿಯೂ ಆಸ್ತಮಾವೂ ಎರಡೂ ಇದ್ದರೆ ನಾಲಿಗೆಯ ಕೆಳಗೆ ಮಿಸೊಪ್ರೋಸ್ಟಾಲ್ 800 ಮೈಕ್ರೋಗ್ರಾಂ. ಮೊದಲಿನ ಪ್ರಶ್ನೆಯ ಆಯ್ಕೆಗಳಲ್ಲಿ ಮಿಸೊಪ್ರೋಸ್ಟಾಲ್ ಇರಲಿಲ್ಲವೆಂಬುದನ್ನು ಗಮನಿಸಿರಬಹುದು. ಇದ್ದಿದ್ದರೆ ಜಗಳಕ್ಕೆ ದಾರಿ, ಏಕೆಂದರೆ ಬಿಪಿ ಇರುವವಳಿಗೆ ಎರಡೂ ಕೊಡಬಹುದಾದವೇ. ಒಂದೇ ಸರಿ ಉತ್ತರ ಎಂಬುದು ಎಷ್ಟೋ ಸಲ ರೋಗಿಯ ಸ್ಥಿತಿಯಿಂದ ಬರುವುದಲ್ಲ, ಆಯ್ಕೆಗಳನ್ನು ಜೋಡಿಸಿದ ಜಾಣ್ಮೆಯಿಂದ ಬರುವುದು.

ಇನ್ನೊಂದು ಬದಲಾವಣೆ. ಗರ್ಭಕೋಶ ಮೆತ್ತಗಿದೆ ಎಂಬಲ್ಲಿ ಗಟ್ಟಿಯಾಗಿ ಬಿಗಿದಿದೆ ಎಂದು ಬರೆದು, ಹರಿದ ಗಾಯವಿಲ್ಲ ಎಂಬ ಸಾಲನ್ನು ತೆಗೆದುಬಿಡಿ. ರಕ್ತ ಕೆಂಪಗೆ, ನಿಲ್ಲದೆ, ಸಣ್ಣಗೆ ಹರಿಯುತ್ತಲೇ ಇದೆ. ಆಗ ಏಣಿಯ ಯಾವ ಮೆಟ್ಟಿಲೂ ಕೆಲಸಕ್ಕೆ ಬಾರದು. ಬಿಗಿದ ಗರ್ಭಕೋಶಕ್ಕೆ ಇನ್ನೊಂದು ಬಿಗಿಯುವ ಇಂಜೆಕ್ಷನ್ ಕೊಟ್ಟು ಲಾಭವೇನು? ಒಳ್ಳೆಯ ಬೆಳಕು, ಸಹಾಯಕ್ಕೆ ಒಬ್ಬರು, ಗರ್ಭಕೊರಳಿನ ಸುತ್ತ ಸ್ಪಂಜ್ ಫೋರ್ಸೆಪ್ಸ್ ಒಂದಾದ ಮೇಲೊಂದು ಹಿಡಿದುಕೊಂಡು ಹೋಗಿ ಪೂರ್ತಿ ನೋಡುವುದು, ಹರಿದಲ್ಲಿ ಹೊಲಿಯುವುದು. ಫೋರ್ಸೆಪ್ಸ್ ಹೆರಿಗೆ, ವ್ಯಾಕ್ಯೂಮ್ ಹೆರಿಗೆ, ದಪ್ಪ ಮಗು, ಗರ್ಭಕೊರಳು ಪೂರ್ತಿ ತೆರೆಯುವ ಮೊದಲೇ ಮುಕ್ಕಿಸಿದ್ದು ಎಂಬ ಸಾಲುಗಳನ್ನು ಪ್ರಶ್ನೆಯಲ್ಲಿ ಇಡುವುದು ಇದೇ ಕಡೆಗೆ ಕೈತೋರಿಸಲು. ಹೊರಗೆ ರಕ್ತವೇ ಕಾಣದೆ ಬಾಣಂತಿ ಬಿಳಿಚಿಕೊಂಡು, ಗುದದ್ವಾರದ ಹತ್ತಿರ ತಡೆಯಲಾರದ ಒತ್ತಡ, ನೋವು ಎನ್ನುತ್ತಿದ್ದರೆ ಯೋನಿಯ ಗೋಡೆಯೊಳಗೆ ರಕ್ತ ತುಂಬಿಕೊಳ್ಳುತ್ತಿದೆ ಎಂದು ಶಂಕಿಸಬೇಕು. ಹೊಲಿಗೆ ಹಾಕಿದ ಜಾಗ ನೋಯುತ್ತದೆ ಬಿಡಿ ಎಂದು ಮಾತ್ರೆ ಕೊಟ್ಟು ವಾರ್ಡಿಗೆ ಕಳಿಸಿದರೆ ಮುಗಿಯಿತು. ಚೀಲದಲ್ಲಿ ಅಳೆದ ರಕ್ತ ಇಲ್ಲಿ ಏನನ್ನೂ ಹೇಳುವುದಿಲ್ಲ, ನಾಡಿಯೊಂದೇ ಹೇಳುವುದು.

ಮಾಸಿನ ಸಾಲನ್ನು ಬದಲಿಸಿದರೆ ಮತ್ತೊಂದು ಕವಲು. ಮಾಸನ್ನು ತಟ್ಟೆಯಲ್ಲಿ ಹರಡಿ, ತಾಯಿಯ ಕಡೆಯ ಮುಖವನ್ನು ಒರೆಸಿ ನೋಡಿದಾಗ ಒಂದು ಹಾಲೆಯಷ್ಟು ಜಾಗ ಖಾಲಿ ಎನ್ನಿ, ಅಥವಾ ಪೊರೆಯ ಅಂಚಿನಲ್ಲಿ ರಕ್ತನಾಳವೊಂದು ಎಲ್ಲಿಗೂ ಸೇರದೆ ಹರಿದು ನಿಂತಿದೆ ಎನ್ನಿ. ಎರಡನೆಯದು, ಬೇರೆಯಾಗಿ ಬೆಳೆದ ಒಂದು ಪುಟ್ಟ ಮಾಸು ಒಳಗೇ ಉಳಿದಿದೆ ಎಂಬ ಸೂಚನೆ. ಆಗಲೂ ಗರ್ಭಕೋಶ ಮೆತ್ತಗೇ ಇರುತ್ತದೆ. ಒಳಗೆ ತುಂಡು ಇರುವ ತನಕ ಸ್ನಾಯು ಪೂರ್ತಿ ಬಿಗಿಯಲಾರದು. ಮೆತ್ತಗಿನ ಗರ್ಭಕೋಶ ಕಂಡ ವಿದ್ಯಾರ್ಥಿ ಔಷಧಿಯ ಏಣಿ ಹತ್ತುತ್ತಾ ಹೋಗುತ್ತಾನೆ. ಉತ್ತರ ಮಾತ್ರ, ಅರಿವಳಿಕೆ ಕೊಟ್ಟು ಒಳಗೆ ಕೈಹಾಕಿ ತುಂಡು ತೆಗೆಯುವುದು. ಮಾಸು ಪೂರ್ತಿ ಇದೆಯೇ ಎಂಬ ಒಂದು ಸಾಲನ್ನು ಬರೆಯದೆ ಬಿಟ್ಟ ಪ್ರಶ್ನೆ ಅರ್ಧ ಪ್ರಶ್ನೆ ಎನ್ನುವುದು ಇದಕ್ಕೇ.

ಏಣಿ ತಿರುವುಮುರುವಾಗುವ ಒಂದು ಸಂದರ್ಭವಿದೆ, ಅದು ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಮಾಸು ಇನ್ನೂ ಕಳಚಿಲ್ಲ, ಯಾರೋ ಹೊಕ್ಕುಳಬಳ್ಳಿ ಹಿಡಿದು ಜೋರಾಗಿ ಎಳೆದಿದ್ದಾರೆ. ಬಾಣಂತಿ ಒಮ್ಮೆಲೇ ಕುಸಿದಿದ್ದಾಳೆ. ಹೋದ ರಕ್ತ ಕಡಿಮೆ, ಕುಸಿತ ಮಾತ್ರ ಅದಕ್ಕೆ ಹೊಂದದಷ್ಟು ಹೆಚ್ಚು. ಹೊಟ್ಟೆಯ ಮೇಲೆ ಗರ್ಭಕೋಶದ ತುದಿ ಕೈಗೆ ಸಿಗುತ್ತಿಲ್ಲ, ಯೋನಿದ್ವಾರದಲ್ಲಿ ನೇರಳೆ ಕೆಂಪು ಬಣ್ಣದ ಗಡ್ಡೆ ಕಾಣುತ್ತಿದೆ. ಗರ್ಭಕೋಶ ಒಳಹೊರಗಾಗಿ ಮಗುಚಿಕೊಂಡಿದೆ. ಇಲ್ಲಿ ಮೊದಲು ಮಾಡಬೇಕಾದದ್ದು ನಡೆಯುತ್ತಿರುವ ಆಕ್ಸಿಟೋಸಿನ್ ನಿಲ್ಲಿಸುವುದು! ಬಿಗಿದರೆ ಗರ್ಭಕೊರಳು ಉಂಗುರದಂತೆ ಸುತ್ತಿಕೊಂಡು ಒಳಗೆ ಸೇರಿಸಲು ಆಗುವುದಿಲ್ಲ. ಮಾಸನ್ನು ಕೀಳುವ ಹಾಗಿಲ್ಲ, ಕಿತ್ತರೆ ರಕ್ತ ಹೆಚ್ಚು ಹೋಗುತ್ತದೆ. ಮಾಸಿನ ಸಮೇತ ಅಂಗೈಯಲ್ಲಿ ಹಿಡಿದು ಒಳಕ್ಕೆ, ಮೇಲಕ್ಕೆ, ಹೊಕ್ಕುಳಿನ ದಿಕ್ಕಿಗೆ ತಳ್ಳಿ ಮೊದಲಿನ ಜಾಗಕ್ಕೆ ಸೇರಿಸಬೇಕು. ಸೇರಿದ ಮೇಲೆ ಬಿಗಿಯುವ ಔಷಧಿ, ಬಿಗಿಯುವ ತನಕ ಕೈ ಒಳಗೇ. ಏಣಿಯ ಮೊದಲ ಮೆಟ್ಟಿಲೇ ಇಲ್ಲಿ ತಪ್ಪು. ರಕ್ತಸ್ರಾವ ಎಂದೊಡನೆ ಆಕ್ಸಿಟೋಸಿನ್ ಎಂದು ಕಲಿತವರು ಪರೀಕ್ಷೆಯಲ್ಲೂ ಇಲ್ಲಿಯೇ ಬೀಳುತ್ತಾರೆ.

ಹೆಪ್ಪುಗಟ್ಟದಿರುವ ಕಾರಣವನ್ನು ನೂರಕ್ಕೆ ಒಂದು ಎಂದು ಕೊನೆಗೆ ಹಾಕುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಮೂಲಕಾರಣವಾಗಿ ಅದು ಅಪರೂಪ ನಿಜ. ಆದರೆ ಉಳಿದ ಮೂರೂ ಕಾರಣಗಳು ಕೈಮೀರಿದಾಗ ಬಂದು ಸೇರುವುದು ಅದೇ. ಮಾಸು ಮೊದಲೇ ಕಳಚಿದ ಬಾಣಂತಿಯಲ್ಲಿ, ಬಿಪಿ ತೀರಾ ಏರಿ ಪ್ಲೇಟ್‌ಲೆಟ್ ಇಳಿದವಳಲ್ಲಿ, ಬರೀ ಸಲೈನ್ ಲೀಟರ್‌ಗಟ್ಟಲೆ ಹೋದವಳಲ್ಲಿ, ಚೀಲದಲ್ಲಿರುವ ರಕ್ತ ಹೆಪ್ಪಾಗದೆ ನೀರಿನಂತೆ ನಿಂತಿರುತ್ತದೆ. ಲ್ಯಾಬ್ ವರದಿಗೆ ಕಾಯುವ ಅಗತ್ಯವಿಲ್ಲ. ಸಾದಾ ಗಾಜಿನ ಟ್ಯೂಬಿನಲ್ಲಿ 2 ಮಿಲಿಲೀಟರ್ ರಕ್ತ ಹಾಕಿ ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದುಕೊಳ್ಳಿ. ಏಳು ನಿಮಿಷಕ್ಕೂ ಹೆಪ್ಪಾಗದಿದ್ದರೆ, ಅಥವಾ ಆದ ಹೆಪ್ಪು ಅಲುಗಾಡಿಸಿದಾಗ ಒಡೆದರೆ, ತೊಂದರೆ ಅಲ್ಲಿದೆ. ವರದಿ ಬಂದಾಗಲೂ ಎಚ್ಚರ ಬೇಕು. ಫೈಬ್ರಿನೋಜನ್ 200 ಎಂದರೆ ಲ್ಯಾಬಿನವರ ಪಟ್ಟಿಯಲ್ಲಿ ಸರಿಯಾದ ಅಂಕಿ. ತುಂಬು ಬಸುರಿಯಲ್ಲಿ ಅದು ಮಾಮೂಲಾಗಿ 400ಕ್ಕೂ ಮೇಲಿರುತ್ತದೆ, ಹಾಗಾಗಿ ಬಾಣಂತಿಗೆ 200 ಎಂದರೆ ಅಪಾಯದ ಅಂಚು. ಈ ಕವಲಿನಲ್ಲಿ ಉತ್ತರ ರಕ್ತ, ಪ್ಲಾಸ್ಮಾ, ಕ್ರಯೋಪ್ರೆಸಿಪಿಟೇಟ್. ಹೆಪ್ಪುಗಟ್ಟದ ರಕ್ತ ಸರಿಪಡಿಸದೆ ಚಾಕು ಹಿಡಿದರೆ ಹೊಲಿದ ಪ್ರತಿ ರಂಧ್ರವೂ ಜಿನುಗುತ್ತದೆ.

ಹಾಗಾದರೆ ಕ್ರಮ ಎಂಬುದೇ ಬೇಡವೇ ಎಂದು ಕೇಳುವವರಿಗೆ, ಕೆಲವು ಕಡೆ ಕ್ರಮ ನಿಜಕ್ಕೂ ಗಟ್ಟಿಯಾಗಿದೆ. ಔಷಧಿಗೆ ಬಗ್ಗದ ಸಡಿಲ ಗರ್ಭಕೋಶಕ್ಕೆ ಹೊಟ್ಟೆ ಕೊಯ್ಯುವ ಮೊದಲು ಒಳಗೊಂದು ಬಲೂನ್ ಇಟ್ಟು ನೋಡಬೇಕು. ಕ್ಯಾತಿಟರ್‌ಗೆ ಕಾಂಡೋಮ್ ಕಟ್ಟಿ, 300ರಿಂದ 500 ಮಿಲಿಲೀಟರ್ ಸಲೈನ್ ತುಂಬಿಸುವ ಅಗ್ಗದ ವಿಧಾನವನ್ನು ಬಾಂಗ್ಲಾದೇಶದ ಡಾ. ಸಯೀಬಾ ಅಖ್ತರ್ 2003ರಲ್ಲಿ ಪ್ರಕಟಿಸಿದರು. ನಮ್ಮ ಸರ್ಕಾರಿ ಆಸ್ಪತ್ರೆಗಳ ಲೇಬರ್ ರೂಮುಗಳಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಗರ್ಭಕೋಶವನ್ನು ಬೆಲ್ಟ್ ಹಾಕಿದಂತೆ ಅಮುಕಿ ಹಿಡಿಯುವ ಬಿ-ಲಿಂಚ್ ಹೊಲಿಗೆ 1997ರಲ್ಲಿ ಪ್ರಕಟವಾಯಿತು. ಅದು ಹೊಟ್ಟೆ ತೆರೆದ ಮೇಲಿನ ಮಾತು. ಆದರೆ ಸಿಸೇರಿಯನ್ ನಡೆಯುತ್ತಿರುವಾಗಲೇ ಗರ್ಭಕೋಶ ಸಡಿಲಾದರೆ ಹೊಟ್ಟೆ ಆಗಲೇ ತೆರೆದಿದೆ. ಅಲ್ಲಿ ಹೊಲಿಗೆ ಕೈಗೆಟಕುವ ದೂರದಲ್ಲಿದೆ, ಬಲೂನಿಗೆ ಮೊದಲೇ ಬರಬಹುದು. ಅಂದರೆ ಈ ಗಟ್ಟಿ ಕ್ರಮವೂ ಹೆರಿಗೆ ಹೇಗಾಯಿತು ಎಂಬುದಕ್ಕೆ ಕಟ್ಟುಬಿದ್ದಿದೆ. ರಕ್ತನಾಳದೊಳಗಿಂದ ಮುಚ್ಚುವ ಎಂಬೊಲೈಸೇಶನ್ ಗರ್ಭಕೋಶ ಉಳಿಸುವ ಒಳ್ಳೆಯ ಉಪಾಯ, ಕುಸಿಯುತ್ತಿರುವವಳನ್ನು ಅದಕ್ಕಾಗಿ ಬೇರೆ ಮಹಡಿಗೆ ತಳ್ಳಿಕೊಂಡು ಹೋಗುವುದು ಮಾತ್ರ ತಪ್ಪು ಉತ್ತರ. ಗರ್ಭಕೋಶ ತೆಗೆಯುವುದು ಕೊನೆಯದು ಎಂಬುದು ಸರಿ. ಕೊನೆಯದು ಎಂದರೆ ತಡವಾದದ್ದು ಎಂದಲ್ಲ. ಮಾಸು ಗರ್ಭಕೋಶದ ಗೋಡೆಯೊಳಗೆ ಬೇರುಬಿಟ್ಟ ಹೆಂಗಸಿನಲ್ಲಿ ಅದೇ ಎಷ್ಟೋ ಸಲ ಮೊದಲ ಯೋಜನೆ.

ಕ್ರಮ ಸಡಿಲವಾಗಿರುವ ಜಾಗಕ್ಕೆ ಬಂದರೆ ನನ್ನ ತಕರಾರು ಪ್ರಶ್ನೆ ಬರೆಯುವವರ ಮೇಲೆ. ಬಿಪಿಯೂ ಇಲ್ಲ, ಆಸ್ತಮಾವೂ ಇಲ್ಲ, ಆಕ್ಸಿಟೋಸಿನ್ ಕೊಟ್ಟಾಗಿದೆ, ಇನ್ನೂ ಸಡಿಲ, ಮುಂದೇನು ಎಂದು ಕೇಳಿ ಎರ್ಗೊಮೆಟ್ರಿನ್, ಕಾರ್ಬೊಪ್ರೋಸ್ಟ್ ಎರಡನ್ನೂ ಆಯ್ಕೆಯಲ್ಲಿಟ್ಟರೆ ಅದಕ್ಕೆ ಉತ್ತರವಿಲ್ಲ. ಎರಡನೇ ಔಷಧಿಯಾಗಿ ಇವುಗಳಲ್ಲಿ ಯಾವುದು ಮೇಲು ಎಂದು ತೀರ್ಮಾನಿಸುವ ಗಟ್ಟಿ ಆಧಾರವಿಲ್ಲ. ಆ ಪ್ರಶ್ನೆ ಪರೀಕ್ಷಿಸುವುದು ವಿದ್ಯಾರ್ಥಿ ಯಾರ ಪುಸ್ತಕ ಓದಿದ್ದಾನೆ ಎಂಬುದನ್ನು. ಟ್ರಾನೆಕ್ಸಾಮಿಕ್ ಆಸಿಡ್‌ನದೂ ಇದೇ ಕಥೆ. ಹಳೆಯ ಪಟ್ಟಿಗಳಲ್ಲಿ ಅದು ಎಲ್ಲ ಆದ ಮೇಲೆ ನೋಡೋಣ ಎಂಬ ಜಾಗದಲ್ಲಿತ್ತು. 2017ರಲ್ಲಿ ಪ್ರಕಟವಾದ ವುಮನ್ ಅಧ್ಯಯನ, 21 ದೇಶಗಳ 20,060 ಹೆಂಗಸರ ಮೇಲೆ ನಡೆದದ್ದು, ಮೂರು ಗಂಟೆಯೊಳಗೆ ಕೊಟ್ಟವರಲ್ಲಿ ರಕ್ತಸ್ರಾವದ ಸಾವು 1.7ರಿಂದ 1.2 ಪ್ರತಿಶತಕ್ಕೆ ಇಳಿದದ್ದನ್ನು ತೋರಿಸಿತು. ತಡವಾದ ಪ್ರತಿ 15 ನಿಮಿಷಕ್ಕೂ ಲಾಭ ಹತ್ತರಲ್ಲಿ ಒಂದು ಪಾಲು ಕರಗುತ್ತದೆ ಎಂಬುದು ಅದರ ಬೆನ್ನಿಗೇ ಬಂದ ಲೆಕ್ಕ. ಅಂದಮೇಲೆ ಬಿಗಿಯುವ ಔಷಧಿಗಳೆಲ್ಲ ಸೋತ ಮೇಲೆ ಎಂಬ ಮೆಟ್ಟಿಲಿಗೆ ಅದನ್ನು ತಳ್ಳಿದ ಉತ್ತರ ಇಂದು ತಪ್ಪು.

ಏಣಿಯ ಕಲ್ಪನೆಗೇ ಪೆಟ್ಟು ಬಿದ್ದದ್ದು 2023ರಲ್ಲಿ. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ನಡೆದ ಇ-ಮೋಟಿವ್ ಅಧ್ಯಯನದಲ್ಲಿ ಹೊಸ ಔಷಧಿ ಯಾವುದೂ ಇರಲಿಲ್ಲ. ಅಳತೆ ಗುರುತಿರುವ ಚೀಲದಲ್ಲಿ ರಕ್ತ ಹಿಡಿದು ಬೇಗ ಗುರುತಿಸುವುದು, ಗುರುತಿಸಿದೊಡನೆ ತಿಕ್ಕುವುದು, ಬಿಗಿಯುವ ಔಷಧಿ, ಟ್ರಾನೆಕ್ಸಾಮಿಕ್ ಆಸಿಡ್, ದ್ರವ, ಒಳಗಿನ ಪರೀಕ್ಷೆ, ಇವನ್ನೆಲ್ಲ ಒಟ್ಟಿಗೆ ಮಾಡುವುದು, ನಿಲ್ಲದಿದ್ದರೆ ಮೇಲಿನವರನ್ನು ಕರೆಯುವುದು, ಇಷ್ಟೇ. ಒಂದು ಲೀಟರ್ ಮೀರಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಈ ಮೂರೂ ಸೇರಿದ ಲೆಕ್ಕ 4.3ರಿಂದ 1.6 ಪ್ರತಿಶತಕ್ಕೆ ಇಳಿಯಿತು. ಒಂದು ಮಾಡಿ, ಕಾದು ನೋಡಿ, ಸೋತರೆ ಇನ್ನೊಂದು ಎಂಬ ಪದ್ಧತಿಯಲ್ಲಿ ಕಳೆದುಹೋಗುತ್ತಿದ್ದುದು ಕಾಯುವ ಆ ಹೊತ್ತು. ಹಾಗಿರುವಾಗ ಮೊದಲು ತಿಕ್ಕುತ್ತೀರೋ, ಆಕ್ಸಿಟೋಸಿನ್ ಕೊಡುತ್ತೀರೋ, ದ್ರವ ಏರಿಸುತ್ತೀರೋ ಎಂದು ನಾಲ್ಕು ಆಯ್ಕೆ ಕೊಟ್ಟು ಕೇಳುವ ಪ್ರಶ್ನೆಗೆ ಲೇಬರ್ ರೂಮಿನಲ್ಲಿ ಅರ್ಥವೇ ಇಲ್ಲ. ಅಲ್ಲಿ ಮೂರು ಜೋಡಿ ಕೈಗಳಿರುತ್ತವೆ, ಇರಬೇಕು.

ಆ ಅಳತೆ ಚೀಲಕ್ಕೆ ನಮ್ಮ ನಾಡಿನ ನಂಟಿದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜತೆಗೂಡಿ ಮಿಸೊಪ್ರೋಸ್ಟಾಲ್ ಅಧ್ಯಯನಕ್ಕೆಂದು ಇಂಥದೊಂದು ಪ್ಲಾಸ್ಟಿಕ್ ಚೀಲವನ್ನು ರೂಪಿಸಿದ್ದರು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಸಹಾಯಕ ನರ್ಸುಗಳು ನಡೆಸಿದ 1,620 ಹೆರಿಗೆಗಳ ಆ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಹೆರಿಗೆಯಾದೊಡನೆ 600 ಮೈಕ್ರೋಗ್ರಾಂ ಮಿಸೊಪ್ರೋಸ್ಟಾಲ್ ನುಂಗಿದವರಲ್ಲಿ ರಕ್ತಸ್ರಾವ 12ರಿಂದ 6.4 ಪ್ರತಿಶತಕ್ಕೆ ಇಳಿದಿತ್ತು. ಅಲ್ಲಿಯೇ ಕಣ್ಣಂದಾಜು ಮತ್ತು ಚೀಲದ ಅಳತೆಯನ್ನು ಹೋಲಿಸಿ ನೋಡಿದಾಗ, ಕಣ್ಣು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಎಣಿಸುತ್ತದೆ ಎಂದು ತಿಳಿಯಿತು. ಪ್ರಶ್ನೆಪತ್ರಿಕೆಯಲ್ಲಿ 800 ಮಿಲಿಲೀಟರ್ ಎಂದು ಅಚ್ಚಾಗಿ ಬರುತ್ತದೆ. ಹಾಸಿಗೆಯ ಬಟ್ಟೆಯಲ್ಲಿ, ಬಕೆಟ್‌ನಲ್ಲಿ, ನೆಲದ ಮೇಲೆ ಚೆಲ್ಲಿದ್ದನ್ನು ನೋಡಿ ಅಂದಾಜು ಹೇಳುವವರಿಗೆ ಅದು 500 ಎಂದೇ ಕಾಣುತ್ತದೆ. ಯಾವ ಅಂಕಿಗೆ ಎಚ್ಚೆತ್ತುಕೊಳ್ಳಬೇಕು ಎಂಬುದೂ ಬದಲಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಗಡಿ 500, ಅಮೆರಿಕದವರ ಗಡಿ 1,000. 2025ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ನಾಡಿ ಬಿಪಿ ಹದಗೆಟ್ಟಿದ್ದರೆ 300ಕ್ಕೇ ಕೆಲಸ ಶುರುಮಾಡಿ ಎಂದಿದೆ. ಬರೀ ಅಂಕಿಯ ಮೇಲೆ ನಿಂತ ಪ್ರಶ್ನೆಗಳು ಹಳಸುವುದು ಬೇಗ.

ಇದಕ್ಕೆ ಎದುರಾಗಿ ಹೇಳುವ ಒಂದು ಮಾತಿದೆ, ಅದನ್ನು ತಳ್ಳಿಹಾಕುವಂತಿಲ್ಲ. ರಾತ್ರಿ ಎರಡು ಗಂಟೆಗೆ ಒಬ್ಬಳೇ ಇರುವ ಹೊಸ ಡಾಕ್ಟರಿಗೆ ಕವಲುಗಳ ಚರ್ಚೆ ಬೇಕಿಲ್ಲ, ಕೈ ತಾನಾಗಿ ಮಾಡುವ ಒಂದು ಕ್ರಮ ಬೇಕು ಎಂಬುದು. ಒಪ್ಪುತ್ತೇನೆ. ಕೈಗೆ ಕ್ರಮ ಬೇಕು, ಅದನ್ನು ಲೇಬರ್ ರೂಮಿನಲ್ಲಿ ಅಣಕು ಅಭ್ಯಾಸ ಮಾಡಿಸಿಯೇ ಕೂರಿಸಬೇಕು. ಆದರೆ ಕುರ್ಚಿಯಲ್ಲಿ ಕೂತು ಒಂದು ನಿಮಿಷ ಯೋಚಿಸಿ ಉತ್ತರಿಸುವ ಪ್ರಶ್ನೆ ಕೈಯನ್ನು ಪರೀಕ್ಷಿಸಲಾರದು. ಅದು ಪರೀಕ್ಷಿಸಬಲ್ಲದ್ದು, ಕ್ರಮ ಎಲ್ಲಿ ಮುರಿಯುತ್ತದೆ ಎಂಬುದನ್ನು ಓದಿನಿಂದ ಹಿಡಿಯುವ ಶಕ್ತಿಯನ್ನು. ಆ ಶಕ್ತಿ ಇಲ್ಲದವರು ಗಟ್ಟಿ ಗರ್ಭಕೋಶಕ್ಕೆ ಮೂರನೇ ಇಂಜೆಕ್ಷನ್ ಕೊಡುತ್ತಾ, ಗರ್ಭಕೊರಳಿನ ಹರಿದ ಗಾಯದಿಂದ ರಕ್ತ ಹೋಗುತ್ತಿರುವುದನ್ನು ನೋಡದೆ ನಿಲ್ಲುತ್ತಾರೆ.

ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ಕಾಣೆಯಾಗಿರುವ ಇನ್ನೊಂದು ಸಾಲು ಜಾಗದ್ದು. ಅದೇ ಬಾಣಂತಿ ಜಿಲ್ಲಾಸ್ಪತ್ರೆಯಲ್ಲಿದ್ದರೆ ಒಂದು ಉತ್ತರ, ರಕ್ತನಿಧಿಯಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದರೆ ಇನ್ನೊಂದು. ಅಲ್ಲಿ ಕಾರ್ಬೊಪ್ರೋಸ್ಟ್ ಇಡುವ ಫ್ರಿಜ್ ಕೆಲಸ ಮಾಡುತ್ತಿರಬೇಕು, ಆಕ್ಸಿಟೋಸಿನ್ ಕೂಡ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದದ್ದು, ಬಿಸಿಲಲ್ಲಿ ಕೂತ ಆಂಪ್ಯೂಲ್‌ನಿಂದ ಗರ್ಭಕೋಶ ಬಿಗಿಯದು. ಕಾಂಡೋಮ್ ಬಲೂನ್ ಇಟ್ಟು, ಡ್ರಿಪ್ ನಡೆಯುತ್ತಿರುವಂತೆಯೇ, ಜತೆಗೊಬ್ಬ ನರ್ಸನ್ನು ಕೂರಿಸಿ 108ರಲ್ಲಿ ಕಳಿಸುವುದು, ಹೊರಡುವ ಮೊದಲೇ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ರಕ್ತದ ಗುಂಪು ಹೇಳುವುದು, ಅಲ್ಲಿನ ಮುಂದಿನ ಹೆಜ್ಜೆ. ಬಿ-ಲಿಂಚ್ ಹೊಲಿಗೆ ಎಂಬ ಆಯ್ಕೆ ಅಲ್ಲಿ ತಪ್ಪು, ಔಷಧಿಯ ದೃಷ್ಟಿಯಿಂದಲ್ಲ, ದೂರದ ದೃಷ್ಟಿಯಿಂದ.

ಪ್ರಶ್ನೆ ಬರೆಯುವ ಅಧ್ಯಾಪಕರಲ್ಲಿ ಒಂದು ಕೋರಿಕೆ. ಬರೆದಾದ ಮೇಲೆ ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಕಥೆಯನ್ನಷ್ಟೇ ಲೇಬರ್ ರೂಮಿನ ಇಬ್ಬರು ಸಹೋದ್ಯೋಗಿಗಳಿಗೆ ಓದಿ ಹೇಳಿ. ಗರ್ಭಕೋಶ ಗಟ್ಟಿಯೋ ಮೆತ್ತಗೋ, ಮಾಸು ಪೂರ್ತಿಯೋ, ಗಾಯ ನೋಡಿದ್ದಾರೋ, ರಕ್ತ ಹೆಪ್ಪುಗಟ್ಟುತ್ತಿದೆಯೋ, ಯಾವ ಆಸ್ಪತ್ರೆ ಎಂದು ಅವರು ತಿರುಗಿ ಕೇಳಿದರೆ ಆ ಸಾಲು ಸೇರಿಸಿ. ಎಲ್ಲ ಸೇರಿಸಿದ ಮೇಲೂ ಇಬ್ಬರೂ ಬೇರೆಬೇರೆ ಉತ್ತರ ಕೊಟ್ಟರೆ ಆ ಪ್ರಶ್ನೆಯನ್ನು ಪತ್ರಿಕೆಯಿಂದ ತೆಗೆದುಬಿಡಿ.